ನೆಗೆಣ್ಣಿಯ ಅಂಗಳದ ದೀಪ

ನನ್ನ ಅಂಗಳದ ಗಿಡ್ಡ ಕಂಬದ ಸೋಲಾರ್ ದೀಪ ಊಟದ ಹೊತ್ತಿಗೇ ಕಣ್ಣು ಮುಚ್ಚುತ್ತಿತ್ತು. ಮೋಟುಗೋಡೆಯಾಚೆ ನನ್ನ ಮೈದುನನ ಹೆಂಡತಿ, ನೆಗೆಣ್ಣಿಯದು ಕೋಳಿ ಕೂಗುವತನಕ ಉರಿಯುತ್ತಿತ್ತು. ಎರಡನ್ನೂ ಕುಂದಗೋಳದ ಒಂದೇ ಅಂಗಡಿಯಲ್ಲಿ ಒಂದೇ ದಿನ ತಂದದ್ದು. ನನಗೆ ಹೊಟ್ಟೆಕಿಚ್ಚು ಹತ್ತದೆ ಏನಾದೀತು?

ಬರೀ ದೀಪವಾಗಿದ್ದರೆ ಹಾಳಾಗಿ ಹೋಗಲಿ ಅನ್ನುತ್ತಿದ್ದೆ. ನಮ್ಮ ಅತ್ತೆ ಇರುವುದು ನನ್ನ ಮನೆಯಲ್ಲಿ. ನಸುಕಿನಲ್ಲಿ ಜಳಕ ಮಾಡಿ ಪೂಜೆಗೆ ಹೂ ಹರಿಯುವ ರೂಢಿ ಅವರದು. ನನ್ನ ಅಂಗಳ ಕತ್ತಲು. ಹೀಗಾಗಿ ಬುಟ್ಟಿ ಹಿಡಿದು ಆಚೆ ಹೋಗತೊಡಗಿದರು. ಹೋದವರು ಅಲ್ಲೇ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ನಕ್ಕು ಬರುವರು. ಆ ನಗು ಕೇಳುತ್ತ ರೊಟ್ಟಿ ಬಡಿದರೆ ರೊಟ್ಟಿಯೂ ಹರಿಯುತ್ತಿತ್ತು.

ದೀಪದ ಸೆಲ್ ಹಳೆಯದಾಗಿರಬೇಕೆಂದು ಅಂಗಡಿಗೆ ಹೋದೆ. ಗೋಡೆ ಗಡಿಯಾರದ ಸೆಲ್ ಕೇಳಿದ್ದಕ್ಕೆ ಅಂಗಡಿಯವನು ತಲೆ ಅಲ್ಲಾಡಿಸಿದ. “ಅದು ನಡಿಯಂಗಿಲ್ರಿ. ಚಾರ್ಜ್ ಆಗೂ ಸೆಲ್ಲೇ ಬೇಕು. ಅವೂ ವರ್ಷಾ ಎರಡ್ ವರ್ಷಕ್ಕ ಸೋಲತಾವ್ರಿ,” ಎಂದು ಬೇರೆ ಕೊಟ್ಟ. ಹಾಕಿದೆ. ದೀಪ ಮಲಗುವ ಹೊತ್ತಿನವರೆಗೆ ಬಂತು, ಮುಂದೆ ಮತ್ತೆ ಕತ್ತಲು. ಅತ್ತೆಯ ಬುಟ್ಟಿ ಆಚೆಯೇ ಹೋಯಿತು.

ಕಡೆಗೆ ಮೂಗು ಮುರಿದುಕೊಂಡೇ ನೆಗೆಣ್ಣಿಯನ್ನು ಕರೆದೆ. “ಏನ್ ಮಾಡ್ತೀ ಬೇ ನಿನ್ನ ದೀಪಕ್ಕ?”

“ಏನಿಲ್ಲಕ್ಕಾ. ನಾನೂ ಸೆಲ್ ಬದಲ್ ಮಾಡೀನಿ. ಮತ್ತ ಮ್ಯಾಲಿನ ಗಾಜು ಹಸಿ ಅರಿವೀಲೆ ಒರಸತೀನ್ರಿ,” ಎನ್ನುತ್ತ ನನ್ನ ದೀಪದ ಮೇಲೆ ಬಗ್ಗಿದಳು.

ನೆತ್ತಿಯ ಮೇಲಿನ ಅಂಗೈಯಗಲದ ಗಾಜು ಬೂದಿಯ ಬಣ್ಣಕ್ಕಿತ್ತು. ಪ್ರತಿ ಸೋಮವಾರ ಅತ್ತೆ ಬಾಗಿಲು, ಎತ್ತಿನ ಹಣೆ, ಬೈಕು ಎಲ್ಲಕ್ಕೂ ವಿಭೂತಿ ಎಳೆದು, ಉಳಿದದ್ದನ್ನು ಈ ದೀಪಕ್ಕೂ ಎಳೆಯುತ್ತಿದ್ದರು. ಅದರ ಮೇಲೆ ಎರೆಹೊಲದ ಧೂಳು ಕೂತಿತ್ತು. ವಿಭೂತಿಯನ್ನು ಒರೆಸುವುದುಂಟೇ ಎಂದು ನಾನು ಕೈ ಹಚ್ಚಿರಲಿಲ್ಲ.

“ಬಿಸಲು ಒಳಗ ಹೋಗೂದರ ಎಲ್ಲಿಂದಕ್ಕಾ?” ಎಂದು ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು. ಮೂರು ಬೆರಳಿನ ಗುರುತುಗಳನ್ನು ಮುಟ್ಟಿ ನೋಡಿದಳು. “ದಿನಾ ಬರತಾರ ಅತ್ತಿ. ನಮ್ಮ ದೀಪಕ್ಕ ಒಂದ್ ಸಲಾನೂ ವಿಭೂತಿ ಹಚ್ಚಿಲ್ರಿ.”

ಚಹಾ ಕುಡಿದು ಹೋಗೆಂದರೂ ನಿಲ್ಲದೆ ಹೋದಳು. ನಾನು ಗಾಜು ಒರೆಸಿದೆ. ಮರುದಿನದ ಬಿಸಿಲು ಉಂಡ ದೀಪ ಬೆಳಗಿನವರೆಗೂ ಉರಿಯಿತು, ಅತ್ತೆ ನನ್ನ ಅಂಗಳದಲ್ಲೇ ಹೂ ಹರಿದರು. ಬಂದ ಸೋಮವಾರ ವಿಭೂತಿಯ ಕೈ ಗಾಜಿನತ್ತ ಹೋದಾಗ, “ಕೆಳಗ ಕಂಬಕ್ಕ ಹಚ್ಚರಿ, ಅತ್ತಿ,” ಎಂದೆ. ಹಚ್ಚಿದರು. ಬಟ್ಟಲಲ್ಲಿ ಇನ್ನೂ ವಿಭೂತಿ ಉಳಿದಿತ್ತು. ಗೋಡೆಯಾಚೆ ನೆಗೆಣ್ಣಿ ಕಸಬರಿಗೆ ಹಿಡಿದು ಇತ್ತಲೇ ನೋಡುತ್ತಿದ್ದಳು. ಅಲ್ಲೂ ಒಂದೀಟು ಹಚ್ಚಿ ಬರ್ರಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.