ಬಾಗಿಲ ಜೊತೆ ಹೋದ ವಿಳಾಸ

ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಆರೈಕೆ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ನರ್ಸ್. ಮೊದಲು ಆಳಂದದ ಕಡೆ ಇದ್ದೆ. ಕಳೆದ ಮಳೆಗಾಲ ಮುಗಿದ ಮೇಲೆ ಅಫಜಲಪುರಕ್ಕೆ ಹಾಕಿದರು. ಇಲ್ಲಿನ ರೋಗಿಗಳಲ್ಲಿ ಹೆಚ್ಚಿನವರು ಊರೊಳಗಿಲ್ಲ, ಹೊಲದ ಮನೆಗಳಲ್ಲಿದ್ದಾರೆ. ಮನೆ ನಂಬರ್ ಇಲ್ಲ, ಓಣಿಗೆ ಹೆಸರಿಲ್ಲ. ಬೇವಿನ ಗಿಡದ ಹತ್ತಿರ ಎಡಕ್ಕೆ ಹೊರಳಿ ಅಂದರೆ ದಾರಿಯುದ್ದಕ್ಕೂ ಬೇವಿನ ಗಿಡಗಳೇ.

ಹಾಗಾಗಿ ನಮ್ಮವರು ರೋಗಿಗಳ ಮನೆಬಾಗಿಲಿಗೆ ಒಂದೊಂದು ತಗಡಿನ ಪಟ್ಟಿ ಹೊಡೆದಿದ್ದರು. ಅದರ ಮೇಲೆ ಪ್ಲಸ್ ಕೋಡ್. ಆಳಂದದಲ್ಲಿದ್ದಾಗ ಅಂಥ ಪಟ್ಟಿಗಳನ್ನು ನಾನೇ ಎಷ್ಟೋ ಬಾಗಿಲಿಗೆ ಹೊಡೆಸಿದ್ದೆ. ಆ ಕೋಡ್ ಯಾರೂ ಮಂಜೂರು ಮಾಡುವಂಥದ್ದಲ್ಲ. ಭೂಮಿಯನ್ನೆಲ್ಲ ಚೌಕಗಳಾಗಿ ಹೆಚ್ಚಿ, ಪ್ರತಿ ಚೌಕವನ್ನೂ ಮತ್ತೆ ಸಣ್ಣದಾಗಿ ಹೆಚ್ಚುತ್ತ ಬಂದರೆ ಕೊನೆಗೆ ಒಂದು ಮನೆ, ಅದರ ಅಂಗಳದಷ್ಟು ಜಾಗ ಉಳಿಯುತ್ತದೆ. ಅಂಕಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಆ ಚೌಕದ ಗುರುತೇ ಕೋಡ್. ಪೂರ್ತಿ ಬರೆದರೆ ಉದ್ದ. ಹತ್ತಿರದ ಊರಿನ ಹೆಸರು ಸೇರಿಸಿದರೆ ಮೊದಲ ನಾಲ್ಕು ಅಕ್ಷರ ಬಿಡಬಹುದು. ನಾಲ್ಕು ಅಕ್ಷರ, ಒಂದು ಕೂಡಿಸುವ ಗುರುತು, ಮತ್ತೆರಡು ಅಕ್ಷರ, ಆಮೇಲೆ ಅಫಜಲಪುರ. ಸೊನ್ನೆ, ಒಂದು, ಓ, ಐ, ಎಲ್ ಇಂಥ ಗೊಂದಲದ ಗುರುತುಗಳು ಅದರಲ್ಲಿ ಬರುವುದೇ ಇಲ್ಲ. ಫೋನಿನ ಮ್ಯಾಪಿನಲ್ಲಿ ಅದನ್ನು ಹಾಕಿದರೆ ಸಾಕು, ಜಾಗ ಸಿಗುತ್ತದೆ. ನನಗೆ ಅದರ ಮೇಲೆ ಬಹಳ ನಂಬಿಕೆಯಿತ್ತು. ಈಗಲೂ ಇದೆ, ಆದರೆ ಮೊದಲಿನ ಹಾಗೆ ಅಲ್ಲ.

ಆ ದಿನ ಮಧ್ಯಾಹ್ನ ನಾನು ಮತ್ತು ನಮ್ಮ ಡ್ರೈವರ್ ಕಾಕಾ ಘತ್ತರಗಿಯಲ್ಲಿ ಒಬ್ಬ ಅಜ್ಜಿಯನ್ನು ನೋಡಿ ಜೀಪು ಹತ್ತುತ್ತಿದ್ದೆವು. ನಮ್ಮ ಒಬ್ಬ ರೋಗಿಯ ಮನೆಯಿಂದ ಫೋನ್ ಬಂತು. ಒಬ್ಬ ಹೆಣ್ಣುಮಗಳು ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದಳು.

"ಸಿಸ್ಟರ್, ಜಲ್ದಿ ಬರ್ರಿ. ನಮ್ಮ ಮನಿಯವರಿಗೆ ಬೆಳಿಗ್ಗಿಂದ ಚೀಲದಾಗ ಮೂತ್ರ ಬಂದಿಲ್ಲ. ತಲಿ ಒಡದಂಗ ಆಗಾಕತ್ತದ ಅಂತಾರ. ಮಾರಿ ಕೆಂಪಾಗ್ಯಾದ, ಬೆವರು ನಿಲ್ಲವಲ್ದು."

ಅವಳ ಗಂಡನ ಕಾಗದಗಳನ್ನು ನಾನು ಓದಿದ್ದೆ, ಅವರನ್ನು ನೋಡಿರಲಿಲ್ಲ. ಕಬ್ಬು ತುಂಬಿದ ಟ್ರಾಲಿಯ ಮೇಲಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡವರು. ಎದೆಯಿಂದ ಕೆಳಗೆ ಸ್ವಾಧೀನವಿಲ್ಲ. ಮೂತ್ರಕ್ಕೆ ಪೈಪ್ ಹಾಕಿದೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ಬಂದಾಗ ಆ ಕುಟುಂಬ ನೆಲೋಗಿಯಲ್ಲಿ ನೆಂಟರ ಮನೆಗೆ ಹೋಗಿತ್ತು. ಅಲ್ಲಿದ್ದಷ್ಟು ದಿನ ನಮ್ಮ ಸಂಸ್ಥೆಯ ಜೇವರ್ಗಿ ಕಡೆಯವರು ನೋಡಿಕೊಂಡಿದ್ದರು. ವಾಪಸ್ ಬಂದಿದ್ದಾರೆ ಎಂದು ಹಿಂದಿನ ವಾರವಷ್ಟೇ ತಿಳಿದಿತ್ತು.

ಎದೆಯ ಮೇಲ್ಭಾಗದಲ್ಲಿ ಹುರಿ ಮುರಿದವರಿಗೆ ಪೈಪ್ ಕಟ್ಟಿಕೊಂಡು ಮೂತ್ರ ತುಂಬಿದರೆ ಹೊಟ್ಟೆಯ ನೋವು ಗೊತ್ತಾಗುವುದಿಲ್ಲ. ಆದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಹಾಗೇ ಬಿಟ್ಟರೆ ಮೆದುಳಿಗೆ ಪೆಟ್ಟು ಬೀಳಬಹುದು. ಇದು ಕಾಯುವ ಕೆಲಸ ಅಲ್ಲ.

"ಆಪಾ," ಎಂದೆ, ಇಲ್ಲಿನ ಮುಸ್ಲಿಂ ಮನೆಗಳಲ್ಲಿ ಅಕ್ಕನನ್ನು ಕರೆಯುವ ಹಾಗೆ. "ಮೊದ್ಲು ಅವರನ್ನ ಎಬ್ಬಿಸಿ ಕೂಡಿಸ್ರಿ. ಲುಂಗಿ ಸಡಿಲ ಮಾಡ್ರಿ. ಪೈಪ್ ಎಲ್ಲಾರ ಮಡಚೇದೇನು ನೋಡ್ರಿ."

"ನೋಡೇನ್ರಿ. ಮಡಚಿಲ್ಲ."

"ಅಂಬುಲೆನ್ಸ್‌ಗೂ ಫೋನ್ ಮಾಡ್ರಿ. ನಾವು ಹತ್ರಾನ ಇದ್ದೇವಿ, ಹೊಂಟೇವಿ. ಬಾಗಿಲ ಮ್ಯಾಲಿನ ನಂಬರ್ ಒಂದ್ಸಲ ಓದ್ರಿ."

ಅವಳು ನಿಧಾನವಾಗಿ ಒಂದೊಂದೇ ಅಕ್ಷರ ಓದಿದಳು. ನಡುವೆ "ಕೂಡಿಸೋ ಗುರುತು" ಅಂದಳು. ನನ್ನ ಫೋನಿನಲ್ಲಿದ್ದ ಕೋಡಿಗೂ ಅವಳು ಓದಿದ್ದಕ್ಕೂ ಒಂದಕ್ಷರದ ವ್ಯತ್ಯಾಸವೂ ಇರಲಿಲ್ಲ. ಎರಡೂ ತಾಳೆಯಾದ ಮೇಲೆ ಇನ್ನೇನು ಅನುಮಾನ? ಕಾಕಾನಿಗೆ ಹೊರಡಿ ಎಂದೆ.

ಮ್ಯಾಪ್ ನಮ್ಮನ್ನು ಡಾಂಬರು ಬಿಡಿಸಿ ಬಂಡಿದಾರಿಗೆ ಇಳಿಸಿತು. ಎರಡೂ ಕಡೆ ಕಬ್ಬು. ದಾರಿ ಹೊಳೆಯ ಕಡೆ ಇಳಿಯುತ್ತ ಹೋಯಿತು. ಒಣಗಿದ ಕೆಸರಿನಲ್ಲಿ ಬಿರುಕು ಬಿಟ್ಟಿತ್ತು, ಜೀಪು ಎತ್ತಿ ಹಾಕುತ್ತಿತ್ತು. ನೀವು ತಲುಪಿದ್ದೀರಿ ಎಂದು ಫೋನ್ ಹೇಳಿದ ಕಡೆ ಕಾಕಾ ಜೀಪು ನಿಲ್ಲಿಸಿ, ಇಳಿಯದೆ ಸುತ್ತ ನೋಡಿದರು.

"ತಂಗಿ, ಇಲ್ಲಿ ಮನೀನ ಇಲ್ಲಲ್ಲ."

ಮನೆ ಇತ್ತು, ಅಂದರೆ ಅದರ ಮೂರು ಗೋಡೆ ಇದ್ದವು. ಮೇಲಿನ ಮಣ್ಣಿನ ಮಾಳಿಗೆ ಕುಸಿದಿತ್ತು. ಹೊಳೆ ತಂದ ಮಣ್ಣು ಒಳಗೆಲ್ಲ ಮೊಣಕಾಲಿನವರೆಗೆ ತುಂಬಿ, ಅದರ ಮೇಲೆ ಹುಲ್ಲು ಬೆಳೆದಿತ್ತು. ಮುಂದಿನ ಗೋಡೆಯಲ್ಲಿ ಬಾಗಿಲಿನ ಜಾಗ ಬಾಯ್ದೆರೆದಿತ್ತು. ಬಾಗಿಲು ಇರಲಿಲ್ಲ, ಚೌಕಟ್ಟೂ ಇರಲಿಲ್ಲ. ನಾನು ಫೋನ್ ಹಿಡಿದು ಅಂಗಳದಲ್ಲಿ ನಿಂತೆ. ನೀಲಿ ಚುಕ್ಕೆ ಸರಿಯಾಗಿ ಆ ಚೌಕದೊಳಗೇ ಇತ್ತು. ಕೋಡ್ ಸುಳ್ಳು ಹೇಳಿರಲಿಲ್ಲ. "ಆಪಾ!" ಎಂದು ಕೂಗಿದೆ. ಕಬ್ಬಿನಿಂದ ಹಕ್ಕಿಗಳು ಎದ್ದವು, ಅಷ್ಟೇ.

ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಕಾಕಾ ಜೀಪನ್ನು ಹಿಂದಕ್ಕೆ ತಿರುಗಿಸಿ ಏರಿಗೆ ಹತ್ತಿಸಿದರು. ಸಿಗ್ನಲ್ ಬಂದ ಕೂಡಲೇ ಫೋನ್ ಮಾಡಿದೆ.

"ಸಿಸ್ಟರ್, ಎಲ್ಲಿದ್ದೀರಿ? ಇವರು ಕಣ್ಣು ಮಂಜಾಗಾಕತ್ತದ ಅಂತಾರ."

"ಆಪಾ, ನಾವು ಮನಿ ಮುಂದ ಹೋಗಿ ಬಂದ್ವಿ. ಅಲ್ಲಿ ಬರೇ ಗ್ವಾಡಿ ಅವ. ನೀವು ಎಲ್ಲಿದ್ದೀರಿ?"

"ಗ್ವಾಡಿ?" ಎಂದಳು. "ಅದು ಹಳೀ ಮನಿ ಅಲ್ಲೇನ್ರಿ. ನಾವು ಮ್ಯಾಲ ದಿಬ್ಬದಾಗ ತಗಡಿನ ಶೆಡ್ ಹಾಕೇವಿ."

"ಮತ್ತ ನಂಬರ್ ಎಲ್ಲಿಂದ ಓದಿದ್ರಿ?"

"ಬಾಗಿಲ ಮ್ಯಾಲ ಅದಲ್ರಿ. ಬಾಗಿಲು ನೀರಾಗ ಹೋಗಿರ್ಲಿಲ್ಲ. ಕಿತ್ತ್ ತಂದು ಇಲ್ಲಿ ಕೂಡಿಸೇವಿ."

ಆಗ ಅರ್ಥವಾಯಿತು. ಹೊಳೆ ಬಿಟ್ಟುಹೋದ ಒಳ್ಳೆಯ ಸಾಗವಾನಿ ಬಾಗಿಲನ್ನು ಯಾರು ಬಿಟ್ಟುಬರುತ್ತಾರೆ? ಬಾಗಿಲಿನ ಜೊತೆ ಪಟ್ಟಿಯೂ ದಿಬ್ಬ ಹತ್ತಿತ್ತು. ಆದರೆ ಕೋಡ್ ಬಾಗಿಲಿಗೆ ಸೇರಿದ್ದಲ್ಲ, ಮನೆಯವರಿಗೂ ಸೇರಿದ್ದಲ್ಲ. ಅದು ಆ ನೆಲದ ತುಣುಕಿಗೆ ಸೇರಿದ್ದು. ಅಂಬುಲೆನ್ಸಿನವರಿಗೂ ಇದೇ ನಂಬರ್ ಕೊಟ್ಟಿರಬೇಕು ಎಂಬುದೂ ಹೊಳೆಯಿತು.

ದಿಬ್ಬ ಯಾವುದು ಎಂದರೆ ಅವಳು ಹೇಳುವ ಗುರುತು ಒಂದೂ ನಮಗೆ ಹತ್ತಲಿಲ್ಲ. ಕಬ್ಬು ಆಳೆತ್ತರ ಬೆಳೆದಿತ್ತು, ಎಲ್ಲಿ ನೋಡಿದರೂ ಹಸಿರು ಗೋಡೆ. ಅವಳ ಹತ್ತಿರ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನ್.

"ಅಕ್ಕಪಕ್ಕದಾಗ ಯಾರ ಹತ್ರಾರ ದೊಡ್ಡ ಫೋನ್ ಅದ ಏನ್ರಿ?"

ಪಕ್ಕದ ಶೆಡ್ಡಿನ ಹೆಂಗಸಿನ ಹತ್ತಿರ ಇತ್ತು. ಅವಳನ್ನು ಕರೆಸಿ, ಸಣ್ಣ ಫೋನಿನಲ್ಲೇ ಅವಳ ಜೊತೆ ಮಾತಾಡಿದೆ.

"ತಗಡಿನ ಕೆಳಗ ನಿಂದರಬ್ಯಾಡ್ರಿ, ಹೊರಗ ಬಯಲಿಗೆ ಬರ್ರಿ. ಮ್ಯಾಪ್ ತೆಗೀರಿ. ನೀಲಿ ಚುಕ್ಕಿ ಕಾಣ್ತದಿಲ್ಲೋ? ಅದು ಅಲುಗಾಡೋದು ನಿಲ್ಲಲಿ. ಈಗ ಅದರ ಮ್ಯಾಲ ಬೆರಳು ಒತ್ತಿ ಹಿಡೀರಿ. ಕೆಳಗ ಕೂಡಿಸೋ ಗುರುತು ಇರೋ ನಂಬರ್ ಬಂತಾ?"

"ಬಂತ್ರಿ."

ಅವಳು ಓದಿದಳು. ಜಿ ಎಂದದ್ದೋ ಜೆ ಎಂದದ್ದೋ ತಿಳಿಯಲಿಲ್ಲ. ಎರಡೂ ಈ ಕೋಡಿನಲ್ಲಿ ಬರುವ ಅಕ್ಷರಗಳೇ. "ಗಾಂಧಿಯ ಜಿ ಏನ್ರಿ, ಜೇವರ್ಗಿಯ ಜೆ ಏನ್ರಿ?" ಎಂದು ಕೇಳಿದೆ. "ಜೇವರ್ಗಿ, ಜೇವರ್ಗಿ" ಎಂದಳು. ಹಳೆಯ ಕೋಡಿನ ಪಕ್ಕದಲ್ಲೇ ಬರೆದುಕೊಂಡೆ. ಮೊದಲೆರಡು ಅಕ್ಷರ ಅವೇ. ಅಂದರೆ ದೂರ ಹೋಗಿಲ್ಲ, ಅದೇ ದೊಡ್ಡ ಚೌಕದೊಳಗಿದ್ದಾರೆ. ಮುಂದಿನವು ಬೇರೆ. ಮ್ಯಾಪಿಗೆ ಹಾಕಿದೆ. ಉತ್ತರಕ್ಕೆ, ಒಂದೂವರೆ ಕಿಲೋಮೀಟರಿನಷ್ಟು. ಹೊಸ ನಂಬರನ್ನು ಅಂಬುಲೆನ್ಸಿಗೂ ಹೇಳಿ ಎಂದು ಅವಳಿಗೆ ತಿಳಿಸಿ ಫೋನ್ ಇಟ್ಟೆ.

ದಿಬ್ಬದ ಮೇಲೆ ತಗಡಿನ ಶೆಡ್ಡುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಒಂದಕ್ಕೆ ಮಾತ್ರ ಕೆತ್ತನೆಯ ಹಳೆಯ ಭಾರದ ಬಾಗಿಲು. ಒಳಗೆ ಅವರನ್ನು ಹೆಂಡತಿ ತನ್ನ ಎದೆಗೆ ಒರಗಿಸಿಕೊಂಡು ಕೂಡಿಸಿದ್ದಳು. ಹಣೆಯಿಂದ ನೀರು ಇಳಿಯುತ್ತಿತ್ತು. ಒತ್ತಡ ನೋಡಿದೆ, ಯಂತ್ರ ತೋರಿಸಿದ್ದನ್ನು ಜೋರಾಗಿ ಹೇಳಲಿಲ್ಲ. ಹಳೆಯ ಪೈಪ್ ಗಸಿಗಟ್ಟಿ ಮುಚ್ಚಿಹೋಗಿತ್ತು. ಅದನ್ನು ತೆಗೆದು ಹೊಸದು ಹಾಕಿದೆ. ಮೂತ್ರ ಹರಿಯತೊಡಗಿತು. ಸ್ವಲ್ಪ ಹೊತ್ತಿಗೆ ಮುಖದ ಕೆಂಪು ಇಳಿಯಿತು, ಉಸಿರು ತಿಳಿಯಾಯಿತು. ಕಣ್ಣು ಮಾತ್ರ ಇನ್ನೂ ಮಂಜು ಎಂದರು. ನಮ್ಮ ಸಂಸ್ಥೆಯ ಡಾಕ್ಟರಿಗೆ ಫೋನ್ ಮಾಡಿದೆ. ಕಲಬುರಗಿಗೆ ಕರೆತನ್ನಿ, ತಲೆಯ ಸ್ಕ್ಯಾನ್ ಮಾಡಿಸಲೇಬೇಕು ಎಂದರು. ಅಂಬುಲೆನ್ಸ್ ಬಂತು, ನೇರ ದಿಬ್ಬಕ್ಕೇ ಬಂತು.

ಅವರು ಬದುಕಿದರು. ಆದರೆ ಬಲಗಡೆಯ ನೋಟ ಪೂರ್ತಿ ಮರಳಲಿಲ್ಲ. ನಾವು ಮೊದಲೇ ತಲುಪಿದ್ದರೆ ಎಂದು ಡಾಕ್ಟರನ್ನು ಕೇಳಿದೆ. ಹಾಗೆ ಹೇಳಲು ಬರುವುದಿಲ್ಲ ಎಂದರು. ಆ ಉತ್ತರ ನನಗೆ ನೆಮ್ಮದಿ ಕೊಡಲಿಲ್ಲ.

ಅವರು ಆಸ್ಪತ್ರೆಯಿಂದ ಬಂದ ಮೇಲೆ ಹೊಸ ಪಟ್ಟಿ ಹಿಡಿದುಕೊಂಡು ಹೋದೆ. ಹಳೆಯದನ್ನು ತೆಗೆಯುತ್ತೇನೆ ಎಂದಾಗ ಅವರು ಮಲಗಿದ್ದಲ್ಲಿಂದಲೇ ತಲೆ ಎತ್ತಿದರು.

"ಅದನ್ನ ತಗೀಬ್ಯಾಡ್ರಿ, ಸಿಸ್ಟರ್."

"ಯಾಕ್ರಿ? ಅದರಿಂದಲ್ಲೇನು ನಾವು ದಾರಿ ತಪ್ಪಿದ್ದು?"

"ನಮ್ಮ ಮನಿಗೆ ಅಪ್ಪನ ಕಾಲದಾಗೂ ನಂಬರ್ ಇರ್ಲಿಲ್ಲ. ಮೊದಲನೇ ನಂಬರ್ ಅದು. ಈ ದಿಬ್ಬ ನಮ್ದಲ್ರಿ, ಇನ್ನೊಬ್ಬರ ಹೊಲ. ಏಳ್ರಿ ಅಂದ್ರ ಏಳಬೇಕು. ಅದನ್ನೂ ತಗದ್ರ ಅಲ್ಲಿ ನಮ್ಮ ಮನಿ ಇತ್ತು ಅಂತ ಹ್ಯಾಂಗ ಹೇಳೋದು?"

ಕೋಡ್ ಜಾಗ ತೋರಿಸುತ್ತದೆಯೇ ಹೊರತು ಜಾಗ ಯಾರದೆಂದು ಹೇಳುವುದಿಲ್ಲ ಎಂದು ನಾನು ಹೇಳಲು ಹೊರಟೆ. ಮಂಜುಗಣ್ಣಿನಿಂದ ಅವರು ನನ್ನ ಕಡೆ ನೋಡುತ್ತಿದ್ದರು. ಹಳೆಯ ಪಟ್ಟಿಯಿಂದ ಕೈ ತೆಗೆದೆ. ಅವರ ಹೆಂಡತಿಯೇ ಎದ್ದು ಬಂದು, ಬಾಗಿಲಿನಿಂದ ಹಳೆಯ ಪಟ್ಟಿ ಬಿಚ್ಚಿ ಒಳಗೆ ಟ್ರಂಕಿನಲ್ಲಿಟ್ಟಳು. "ಇದು ಮನ್ಯಾಗ ಇರಲಿ. ಬಾಗಿಲಿಗೆ ಹೊಸಾದು ಹೊಡೀರಿ" ಎಂದಳು. ಅವರು ಗೋಡೆಯ ಕಡೆ ಮುಖ ಹೊರಳಿಸಿದರು. ಕಾಕಾ ಹೊಸ ಪಟ್ಟಿ ಹೊಡೆಯುವಾಗ ಸುತ್ತಿಗೆಯ ಸದ್ದಿಗೆ ಶೆಡ್ಡಿನ ತಗಡೆಲ್ಲ ಕಂಪಿಸಿತು.

ಆಮೇಲೆ ಹೊಳೆದಂಡೆಯ ನಮ್ಮ ರೋಗಿಗಳ ಮನೆಗಳನ್ನೆಲ್ಲ ಮತ್ತೆ ಸುತ್ತಿದೆವು. ಸರಿದ ಪಟ್ಟಿಗಳು ಇನ್ನೂ ಸಿಕ್ಕವು. ಈಗ ಫೋನ್ ಬಂದಾಗ ನಾನು ಬಾಗಿಲ ಮೇಲಿನದ್ದನ್ನು ಓದಿ ಎನ್ನುವುದಿಲ್ಲ. ಹೊರಗೆ ಬಂದು, ನಿಂತಲ್ಲಿನದ್ದನ್ನು ನೋಡಿ ಹೇಳಿ ಎನ್ನುತ್ತೇನೆ. ದೊಡ್ಡ ಫೋನ್ ಇಲ್ಲದವರಿಗೆ ಪಕ್ಕದ ಮನೆಯವರನ್ನು ಕರೆಯಿರಿ ಎನ್ನುತ್ತೇನೆ. ಪಕ್ಕದಲ್ಲಿ ಮನೆಯೇ ಇಲ್ಲದವರೂ ಇದ್ದಾರೆ.

ಮೊನ್ನೆ ಆಪಾ ಫೋನ್ ಮಾಡಿದ್ದಳು. ಹೊಲದ ಮಾಲೀಕ ಬಿತ್ತನೆಗೆ ಜಾಗ ಬಿಡಿ ಎಂದಿದ್ದಾನಂತೆ. ಎಲ್ಲಿಗೆ ಹೋಗುವುದೆಂದು ಇನ್ನೂ ಗೊತ್ತಾಗಿಲ್ಲ ಎಂದಳು.