ಪಂಜದ ಮನೆಯ ಎರಡು ವಾಕ್ಯ

ನೆಲ್ಯಾಡಿಯಲ್ಲಿ ನನ್ನ ಅತ್ತಿಗೆಗೆ ಒಂದು ಸಣ್ಣ ವರ್ಕ್‌ಶಾಪ್ ಉಂಟು. ರಬ್ಬರ್ ಶೀಟ್ ಒಣಗಿಸುವ ಕಬ್ಬಿಣದ ಪೆಟ್ಟಿಗೆಗಳನ್ನು ಅಲ್ಲಿ ಮಾಡುತ್ತಾರೆ. ಬೆಂಕಿ ಹೊರಗಿನಿಂದ ಹಾಕುವುದು. ಹೊಗೆ ಒಳಗೆಲ್ಲ ಸುತ್ತಿ ಕೊಳವೆಯಿಂದ ಮೇಲಕ್ಕೆ ಹೋಗುತ್ತದೆ. ಸುಳ್ಯ, ಕಡಬದ ಕಡೆ ಬೇಕಾದವರೆಲ್ಲ ಕೊಂಡು ಮುಗಿದಿತ್ತು. ಹೊರಗಿನಿಂದ ಆರ್ಡರ್ ಬಾರದಿದ್ದರೆ ಈ ಮಳೆಗಾಲ ಕಳೆದ ಮೇಲೆ ಬಾಗಿಲು ಹಾಕುವುದೇ ಎಂದು ಅತ್ತಿಗೆ ಹೇಳಿದ್ದರು. ಅವರು ಸುಮ್ಮನೆ ಹೇಳುವವರಲ್ಲ. ನನಗೆ ಹೆದರಿಕೆಯಾಯಿತು.

ಗಡಿಯಾಚೆ ಕೇರಳದ ರಬ್ಬರ್ ಬೆಳೆಗಾರರ ಸಂಘಗಳಿಗೆ ಇಂಗ್ಲಿಷಿನಲ್ಲಿ ಇಮೇಲ್ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ನಾಲ್ಕು ಅಕ್ಷರ ಕಲಿತವಳೆಂಬ ಜಂಬ ನನಗೆ ಇದ್ದೇ ಇತ್ತು. ‘ಮಳೆಗಾಲದಲ್ಲಿ ನಿಮ್ಮ ಶೀಟಿಗೆ ಬೂಸ್ಟು ಹಿಡಿಯುತ್ತದೆಯೇ?’ ಎಂದು ಶುರುಮಾಡಿದೆ. ಉತ್ತರವಿಲ್ಲ. ‘ನಿಮ್ಮ ಸಂಘದ ಸಾಧನೆ ಕೇಳಿ ಸಂತೋಷವಾಯಿತು’ ಎಂದು ಹೊಗಳಿ ನೋಡಿದೆ. ಅದಕ್ಕೂ ಇಲ್ಲ. ಓದುವ ವ್ಯವಧಾನ ಯಾರಿಗೂ ಇಲ್ಲ ಎಂದು ಲೋಕಕ್ಕೆಲ್ಲ ಬೈದೆ.

ಅತ್ತಿಗೆ ನಕ್ಕರು. “ಗುರುತಿಲ್ಲದವರ ಜಗಲಿ ಹತ್ತಿ ಪ್ರಶ್ನೆ ಕೇಳಿದ್ರೆ ಯಾರು ಹೇಳ್ತಾರೆ ಮಾರಾಯ್ತಿ? ಹೊಗಳಿದ್ರೆ ಮತ್ತೂ ಸಂಶಯ. ಇವಳಿಗೆ ಎಂತ ಬೇಕು ಅಂತ. ಇಲ್ಲಿಗೆ ಬಂದವರಿಗೆ ನಾನು ಎಂತ ಹೇಳುದು? ಇಂಥ ಕಡೆ ಒಬ್ಬರು ಕೊಂಡು ಹೋದ್ರು, ಹೀಗಿತ್ತು, ಹೀಗಾಯ್ತು. ಅಷ್ಟೇ. ಅದನ್ನೇ ಬರಿ, ಎರಡು ವಾಕ್ಯ. ಮತ್ತೆ ನಾವು ಯಾರು ಅಂತ ಹೇಳು.”

ಹೇಳುವುದು ಸುಲಭ. ಆದರೆ ನಮ್ಮ ಊರಿನವರಿಂದ ‘ಹೀಗಾಯ್ತು’ ಎಂದು ಬಾಯಿಬಿಡಿಸುವುದು? ಒಳ್ಳೆಯದಾದರೆ ಬಾಯಿಬಿಟ್ಟು ಹೇಳುವ ರೂಢಿಯೇ ನಮ್ಮಲ್ಲಿಲ್ಲ, ಕಣ್ಣು ಬಿದ್ದರೆ? ಪೆಟ್ಟಿಗೆ ಕೊಂಡವರಿಗೆ ಫೋನ್ ಮಾಡಿದರೆ ಎಲ್ಲರೂ “ಅಡ್ಡಿಲ್ಲ” ಎಂದು ಮುಗಿಸಿದರು. ಕೊನೆಗೆ ಪಂಜದ ಒಂದು ಮನೆಗೆ ನಾವಿಬ್ಬರೂ ಹೋದೆವು. ಯಜಮಾನರು ಜಗಲಿಯಲ್ಲಿ ಕುಳಿತು, “ಪೆಟ್ಟಿಗೆ ಅಡ್ಡಿಲ್ಲ. ಶೀಟಿಗೆ ಬೂಸ್ಟು ಇಲ್ಲ, ಅಂಗಡಿಯಲ್ಲಿ ಒಳ್ಳೆ ಗ್ರೇಡ್ ಸಿಗ್ತದೆ, ರೇಟೂ ಸಿಗ್ತದೆ,” ಎಂದರು. ನನಗೆ ಅಷ್ಟು ಸಾಕಿತ್ತು. ನಾನು ಏಳುವುದರಲ್ಲಿದ್ದೆ.

ಕಾಫಿ ತಂದ ಮನೆಯಾಕೆ ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತು ಅತ್ತಿಗೆಯೊಡನೆ ಮೆಲ್ಲಗೆ ಹೇಳಿದರು: “ಮೊದಲು ಮಳೆಗಾಲದಲ್ಲಿ ಶೀಟೆಲ್ಲ ನನ್ನ ಒಲೆಯ ಮೇಲೆಯೇ. ಹೊಗೆ ಹೊರಗೆ ಹೋಗಬಾರದು ಅಂತ ಬಾಗಿಲು ಹಾಕಿ, ಕೆಮ್ಮಿ ಕೆಮ್ಮಿ ಗಂಜಿ ಬೇಯಿಸುದು. ಈಗ ಪೆಟ್ಟಿಗೆ ಅಂಗಳದಲ್ಲಿ ಉಂಟಲ್ಲ, ಬಾಗಿಲು ತೆರೆದು ಅಡುಗೆ ಮಾಡ್ತೇನೆ ಅಕ್ಕ.”

ಇದನ್ನು ಬರೆಯಬಹುದೇ ಎಂದು ಅತ್ತಿಗೆ ಕೇಳಿದರು. ಹೆಸರು ಹಾಕಬೇಡಿ, ಬರೆಯಿರಿ ಎಂದರು ಆಕೆ.

ಬರುವ ದಾರಿಯುದ್ದಕ್ಕೂ ನಮಗೆ ಜಗಳ. ಸಂಘದವರಿಗೆ ಬೇಕಾದ್ದು ಗ್ರೇಡು, ಕೆಮ್ಮಲ್ಲ ಎಂದು ನಾನು. ಗ್ರೇಡಿನ ಮಾತು ಯಾವ ಪೆಟ್ಟಿಗೆ ಮಾರುವವನೂ ಹೇಳುತ್ತಾನೆ ಎಂದು ಅವರು. ಸೋತು ಬರೆಯಲು ಕುಳಿತವಳು ‘ಆಕೆಯ ಕೆಮ್ಮು ಪೂರ್ತಿ ವಾಸಿಯಾಯಿತು’ ಎಂದು ಸೇರಿಸಿದೆ. “ಹಾಗೆ ಹೇಳಿದ್ರಾ ಅವರು?” ಎಂದರು ಅತ್ತಿಗೆ. ಇಲ್ಲ. ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟು:

‘ಪಂಜದ ಒಂದು ಮನೆಯಲ್ಲಿ ಮಳೆಗಾಲದ ಶೀಟೆಲ್ಲ ಅಡುಗೆ ಒಲೆಯ ಮೇಲೆಯೇ ಒಣಗುತ್ತಿತ್ತು, ಮನೆಯಾಕೆ ಕೆಮ್ಮುತ್ತಲೇ ಗಂಜಿ ಬೇಯಿಸುತ್ತಿದ್ದರು. ಈಗ ಶೀಟು ಅಂಗಳದ ಪೆಟ್ಟಿಗೆಯಲ್ಲಿ ಒಣಗುತ್ತದೆ, ಅವರು ಬಾಗಿಲು ತೆರೆದಿಟ್ಟು ಅಡುಗೆ ಮಾಡುತ್ತಾರೆ.’

ಕೆಳಗೆ, ಆ ಪೆಟ್ಟಿಗೆ ಮಾಡುವವರು ನಾವು, ಒಮ್ಮೆ ತಂದು ತೋರಿಸಬಹುದೇ ಎಂದಷ್ಟೇ. ಒಲೆಯ ಮೇಲೆ ಶೀಟ್ ಒಣಗಿಸುವ ಸಣ್ಣ ಬೆಳೆಗಾರರು ಇರುವ ಸಂಘಗಳಿಗೆ ಮಾತ್ರ ಕಳುಹಿಸಿದೆವು; ದೊಡ್ಡ ಎಸ್ಟೇಟಿನವರಿಗೆ ಈ ಕತೆಯಿಂದ ಎಂತ ಆಗಬೇಕು?

ಹೆಚ್ಚಿನವರು ಈ ಸಲವೂ ಉತ್ತರಿಸಲಿಲ್ಲ. ಒಬ್ಬ ಕಾರ್ಯದರ್ಶಿ ಬರೆದರು. ಅವರ ಮನೆಯಲ್ಲೂ ಹಾಗೆಯೇ ಅಂತೆ, ಅಮ್ಮನಿಗೆ ಓದಿ ಹೇಳಿದರಂತೆ. ‘ಸದಸ್ಯರ ಸಭೆಗೆ ಪೆಟ್ಟಿಗೆ ತನ್ನಿ. ಹೆಂಗಸರನ್ನೂ ಬರಲು ಹೇಳುತ್ತೇನೆ.’

ಅತ್ತಿಗೆ ಅದನ್ನು ಮತ್ತೆ ಮತ್ತೆ ಓದಿಸಿದರು. ಒಂದು ಸಭೆಗೆ ಕರೆದರೆ ಆರ್ಡರ್ ಬಂದ ಹಾಗೆ ಅಲ್ಲ ಎಂದು ನಮಗಿಬ್ಬರಿಗೂ ಗೊತ್ತು. ಆದರೂ ಬಾಗಿಲು ಹಾಕುವ ಮಾತು ಆ ದಿನ ಅವರ ಬಾಯಿಂದ ಬರಲಿಲ್ಲ. ವೆಲ್ಡಿಂಗ್ ಮಾಡುವವರಿಗೆ ಹೊಸ ಪೆಟ್ಟಿಗೆ ಶುರುಮಾಡಲು ಹೇಳಿ, ಪಂಜದ ಮನೆಯಾಕೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

“ನಿಮ್ಮ ಮಾತು ಓದಿ ಕೇರಳದಿಂದ ಕರೆದಿದ್ದಾರೆ.”

“ಅಷ್ಟು ದೂರದವರು ಕೇಳಿದ್ರಾ ಅಕ್ಕ?” ಎಂದರು ಆಕೆ. “ನಾನು ಹದಿನೈದು ವರ್ಷ ಇಲ್ಲಿ ಹೊಗೆ, ಕೆಮ್ಮು ಅಂತ ಹೇಳ್ತಾ ಇದ್ದೆ. ಇವರು ಪೆಟ್ಟಿಗೆ ತಂದದ್ದು ಶೀಟಿಗೆ ಬೂಸ್ಟು ಬಂದ ಮೇಲೆ.”