ಮೇಲ್ಕಂಡಂತೆ ಎಂಬ ಉತ್ತರ

ಮೇಷ್ಟರ ಕೆಲಸದಿಂದ ನಿವೃತ್ತನಾದರೂ ಬೆಳಿಗ್ಗೆ ಹತ್ತಕ್ಕೆ ಯಾವುದಾದರೊಂದು ಮೇಜಿನ ಮುಂದೆ ಕೂರದಿದ್ದರೆ ನನಗೆ ಸಮಾಧಾನವಿಲ್ಲ. ಇದನ್ನು ತಿಳಿದೇ ನಮ್ಮ ಪಟ್ಟಣ ಪಂಚಾಯಿತಿಯವರು, ತಮ್ಮ ವೆಬ್‌ಸೈಟಿನ ‘ಪದೇ ಪದೇ ಕೇಳುವ ಪ್ರಶ್ನೆಗಳು’ ಪುಟವನ್ನು ತಿದ್ದಿಕೊಡಲು ಕರೆದರು. ಪುಟ ನೋಡಿಕೊಳ್ಳುವ ಗುಮಾಸ್ತನಿಗೆ ನಾನು ಹೇಳಿದ್ದು ಇಷ್ಟೇ: ಉತ್ತರ ಚಿಕ್ಕದಿರಲಿ, ಪೂರ್ತಿ ಇರಲಿ, ಹುಡುಕಿದರೆ ಸಿಗಲಿ.

ಅವನು ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡ. ಕಚೇರಿ ಟಿಪ್ಪಣಿ ಬರೆದು ಪಳಗಿದ ಕೈ. ಒಮ್ಮೆ ಬರೆದ ದಾಖಲೆಗಳೇ ಮತ್ತೆ ಬಂದಲ್ಲೆಲ್ಲ ‘ಮೇಲ್ಕಂಡಂತೆ’ ಎಂದು ಬರೆದು ಮುಗಿಸಿದ. ಆಮೇಲೆ ಪ್ರಶ್ನೆಗಳನ್ನು ಅಕ್ಷರಾನುಕ್ರಮಕ್ಕೆ ಜೋಡಿಸಿದ. ಯಾವುದರ ಮೇಲೆ ಯಾವುದಿತ್ತೋ ಎಲ್ಲ ಅದಲು ಬದಲಾಯಿತು. ನನಗೆ ತೋರಿಸದೆ ಪುಟವನ್ನು ಜನರಿಗೆ ತೆರೆದೂ ಬಿಟ್ಟ.

ಮರುವಾರ ಒಬ್ಬ ಹೆಂಗಸು ಮೊಬೈಲ್ ಹಿಡಿದು ಬಂದರು. ಹೊಸ ಮನೆಗೆ ನಲ್ಲಿ ಬೇಕಾಗಿತ್ತು. ಬಸರೀಕಟ್ಟೆಗೆ ಕೊಟ್ಟ ಮಗಳು ಹೆರಿಗೆಗೆ ಬರುವವಳಿದ್ದಳು. ಕೈಯಲ್ಲಿ ಅಂಗಡಿಯ ಬಾಡಿಗೆ ಕರಾರು.

“ಎಂತಕ್ಕಮ್ಮ ಇದು? ನಿಮ್ಮದು ಅಂಗಡಿಯಾ?” ಎಂದ ಗುಮಾಸ್ತ.

“ನಂಗೆಲ್ಲಿ ಅಂಗಡಿ ಮಾರಾಯ್ರೆ! ನೀವೇ ಮೇಲೆ ನೋಡಿ ಅಂದಿದ್ದು. ಮೇಲೆ ನೋಡ್ದೆ, ಇದು ಬೇಕು ಅಂತ ಇತ್ತು. ತಮ್ಮನ ಅಂಗಡೀದು ಕೇಳಿ ತಂದೆ.”

ನಲ್ಲಿಯ ಪ್ರಶ್ನೆಯ ಮೇಲೆ ಈಗ ‘ಉದ್ದಿಮೆ ಪರವಾನಗಿ’, ಎಂದರೆ ಅಂಗಡಿ ಲೈಸೆನ್ಸಿನ ಪ್ರಶ್ನೆ ಕೂತಿತ್ತು.

“ಅದನ್ನಾದರೂ ಹೇಗೆ ಹುಡುಕಿದಿರಿ?” ಎಂದೆ.

“‘ನಲ್ಲಿ’ ಅಂತ ಹಾಕಿದ್ರೆ ಏನೂ ಬರ್ಲಿಲ್ಲ ಮೇಷ್ಟ್ರೇ. ಒಂದೊಂದೇ ಒತ್ತಿ ಒತ್ತಿ ನೋಡ್ದೆ. ‘ಗೃಹಬಳಕೆ ಜಲಸಂಪರ್ಕ’ ಅಂದ್ರೆ ನಲ್ಲಿ ಅಂತ ನಂಗೆಂತ ಗೊತ್ತು?”

ನನ್ನ ತಾಳ್ಮೆ ತೀರಿತು. ಗುಮಾಸ್ತನತ್ತ ತಿರುಗಿದೆ. “ಮನೆಯಲ್ಲಿ ಊಟಕ್ಕೇನು ಅಂತ ಕೇಳಿದರೆ ಹೆಂಡತಿ ಮೇಲ್ಕಂಡಂತೆ ಅಂದರೆ ಸುಮ್ಮನಿರುತ್ತೀಯೇನಯ್ಯಾ?”

“ದಿನಾ ಹಾಗೇ ಅಂತಾಳೆ ಸಾರ್,” ಎಂದ ಭೂಪ.

ಅವನನ್ನು ಅಲ್ಲೇ ಕೂರಿಸಿ ಹೊಸದಾಗಿ ಬರೆಸಿದೆ. ಪ್ರಶ್ನೆ: ಮನೆಗೆ ಹೊಸ ನಲ್ಲಿ ಹಾಕಿಸುವುದು ಹೇಗೆ? ಉತ್ತರ: ಖಾತೆಯ ನಕಲು, ಈ ವರ್ಷದ ಮನೆ ತೆರಿಗೆ ರಸೀದಿ, ಗುರುತಿನ ಚೀಟಿ ತಂದು ನೀರಿನ ವಿಭಾಗದಲ್ಲಿ ಅರ್ಜಿ ಕೊಡಿ. ಪೈಪಿಗಾಗಿ ರಸ್ತೆ ಅಗೆಯಬೇಕಾದರೆ ಅದರ ಅನುಮತಿಯನ್ನೂ ಆಗಲೇ ಕೇಳಿ. ಅಷ್ಟೇ. ಬೇರೆ ಉತ್ತರದ ಹಂಗಿಲ್ಲ.

ಆ ಹೆಂಗಸು ಮನೆಗೆ ಹೋಗಿ ಕಾಗದ ತಂದರು. ಅರ್ಜಿ ಕೊಟ್ಟು, ತಿದ್ದಿದ ಉತ್ತರವನ್ನು ಗಟ್ಟಿಯಾಗಿ ಓದಿ ತಲೆಯೆತ್ತಿದರು.

“ಎಲ್ಲ ಸರಿ. ನೀರು ಯಾವಾಗ ಬತ್ತೆ ಅಂತ ಇಲ್ವಲ್ಲ?”

ಗುಮಾಸ್ತ ನನ್ನ ಕಿವಿಯ ಬಳಿ ಬಗ್ಗಿದ. “ಅದನ್ನ ಬರೆದ್ರೆ ಜನ ಅದನ್ನೇ ಹಿಡ್ಕೊಂಡು ಬರ್ತಾರೆ ಸಾರ್.”

“ಬರಲಿ. ಮೊದಲು ಇವರೇ ಬರಲಿ,” ಎಂದೆ.

ನೀರಿನ ವಿಭಾಗದ ಎಂಜಿನಿಯರನ್ನು ಕರೆಸಿ, ಅರ್ಜಿ ಕೊಟ್ಟ ಎಷ್ಟು ದಿನದೊಳಗೆ ನೀರು ಎಂದು ಕೇಳಿ, ಆ ಗಡುವನ್ನು ಉತ್ತರದ ಕೊನೆಗೆ ಬರೆಸಿದೆ. ಆ ಲೆಕ್ಕದ ದಿನಾಂಕವನ್ನು ಆಕೆಯ ಅರ್ಜಿಯ ಸ್ವೀಕೃತಿ ಚೀಟಿಯ ಮೇಲೂ ಹಾಕಿಸಿದೆ. ಆಕೆ ಬೆರಳು ಮಡಚಿ ಮಗಳ ದಿನಗಳನ್ನು ಲೆಕ್ಕ ಹಾಕಿದರು. “ಹೆರಿಗೆಗೆ ಮುಂಚೆನೇ ಆಗ್ತದೆ,” ಎಂದು ಮೊಬೈಲ್ ತೆಗೆದು ಬಸರೀಕಟ್ಟೆಗೆ ಫೋನ್ ಮಾಡಿದರು.